ನಾಲಿಗೆ, ತುಟಿಗೆ ಚುಚ್ಚಿಸುವವರು ಹಲ್ಲು ವಸಡು ಉಳಿಸಿಕೊಳ್ಳುವುದು ಹೇಗೆ?

ಓದುಗರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. "ನಾಲಿಗೆಗೆ ಪಿಯರ್ಸಿಂಗ್ ಮಾಡಿಸ್ಬೇಕು ಅಂತಿದೀನಿ, ಇನ್ಫೆಕ್ಷನ್ ಆಗುತ್ತಾ?" ಆಗಬಹುದು, ಅದರ ಬಗ್ಗೆ ಕೆಳಗೆ ಬರೆದಿದ್ದೇನೆ. ಆದರೆ ಇನ್ಫೆಕ್ಷನ್ ಬಂದರೆ ನಿಮಗೇ ಗೊತ್ತಾಗುತ್ತದೆ. ನೋವು, ಬಾವು, ಜ್ವರ ಬರುತ್ತದೆ, ಡಾಕ್ಟರ ಹತ್ತಿರ ಓಡುತ್ತೀರಿ. ಗಾಯ ಮಾಗಿ ಎಲ್ಲಾ ಸರಿಹೋಯ್ತು ಅಂದುಕೊಂಡ ಮೇಲೆ, ಆ ಲೋಹ ದಿನವಿಡೀ ಹಲ್ಲಿಗೂ ವಸಡಿಗೂ ತಾಗುತ್ತಾ ವರ್ಷಗಟ್ಟಲೆ ಮಾಡುವ ಹಾನಿ ಮಾತ್ರ ಸದ್ದಿಲ್ಲದೆ ಆಗುತ್ತದೆ. ಹಗ್ಗ ಬಾವಿಯ ಕಲ್ಲನ್ನು ಸವೆಸಿದ ಹಾಗೆ. ನೋವೇ ಇರುವುದಿಲ್ಲ, ಹಾಗಾಗಿ ಯಾರೂ ನೋಡಿಕೊಳ್ಳುವುದಿಲ್ಲ.

ಇದು ಅಪರೂಪಕ್ಕೆ ಆಗುವ ಸಂಗತಿಯೂ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2016ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ತುಟಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 50ರವರೆಗೆ, ನಾಲಿಗೆಗೆ ಚುಚ್ಚಿಸಿಕೊಂಡವರಲ್ಲಿ ಶೇ. 44ರಷ್ಟು ಜನರಿಗೆ ವಸಡು ಇಳಿದಿತ್ತು. ವಸಡು ಇಳಿಯುವುದು ಅಂದರೆ ಹಲ್ಲಿನ ಬುಡವನ್ನು ಮುಚ್ಚಿಕೊಂಡಿರುವ ವಸಡು ಹಿಂದೆ ಸರಿದು ಬೇರು ಹೊರಗೆ ಕಾಣುವುದು. ಒಮ್ಮೆ ಹೋದ ವಸಡು ತಾನಾಗಿ ವಾಪಸ್ ಬೆಳೆಯುವುದಿಲ್ಲ. ಹಲ್ಲಿನ ಎನಾಮಲ್, ಅಂದರೆ ಮೇಲಿನ ಗಟ್ಟಿ ಹೊದಿಕೆ, ಅದೂ ಅಷ್ಟೇ.

ಹಾಗಾಗಿ ನನ್ನ ಸಲಹೆ ನೇರವಾಗಿದೆ. ಬಾಯೊಳಗೆ ಚುಚ್ಚಿಸಬೇಡಿ, ಮೂಗು ಕಿವಿ ಇದೆಯಲ್ಲ. ಅಮೆರಿಕದ ದಂತವೈದ್ಯರ ಸಂಘವೂ ಇದನ್ನೇ ಹೇಳುತ್ತದೆ. ಆದರೂ ಮಾಡಿಸುತ್ತೇನೆ ಅನ್ನುವವರಿಗೆ, ಈಗಾಗಲೇ ಮಾಡಿಸಿಕೊಂಡವರಿಗೆ ಕೆಳಗಿನ ಹಂತಗಳು.

ಮೊದಲು ಮೂರು ಹೆಸರು ಗೊತ್ತಿರಲಿ. ನಾಲಿಗೆಗೆ ಹಾಕುವ ನೆಟ್ಟಗಿನ ಕಡ್ಡಿ, ಎರಡೂ ತುದಿಗೆ ಗುಂಡು, ಇದಕ್ಕೆ ಬಾರ್ಬೆಲ್ ಅನ್ನುತ್ತಾರೆ. ತುಟಿಗೆ ಹಾಕುವುದರಲ್ಲಿ ಹೊರಗೆ ಗುಂಡು ಅಥವಾ ಕಲ್ಲು, ಒಳಗೆ ಚಪ್ಪಟೆ ಬಿಲ್ಲೆ ಇರುತ್ತದೆ, ಅದು ಲ್ಯಾಬ್ರೆಟ್. ಗುಂಡನ್ನು ಕಡ್ಡಿಗೆ ಕೂರಿಸುವುದು ನಮ್ಮ ಓಲೆಗೆ ಇರುವಂಥದ್ದೇ ತಿರುಪು.

1. ನಿಮಗೆ ಇದು ಆಗುತ್ತದೆಯೇ ಎಂದು ಮೊದಲು ನೋಡಿ

ಕೆಲವರು ಇಲ್ಲಿಗೇ ನಿಲ್ಲಿಸಬೇಕು. ಹೃದಯದ ಕವಾಟದ ತೊಂದರೆ ಇದ್ದವರು, ಕವಾಟ ಬದಲಿಸಿಕೊಂಡವರು, ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯಕ್ಕೆ ಪೆಟ್ಟಾದವರು ಮಾಡಿಸಲೇಬಾರದು. ಬಾಯಿಯ ಬ್ಯಾಕ್ಟೀರಿಯಾ ಗಾಯದ ಮೂಲಕ ರಕ್ತಕ್ಕೆ ಸೇರಿ ಕವಾಟಕ್ಕೆ ಸೋಂಕು ಹತ್ತಿಸಬಹುದು. ಇದಕ್ಕೆ ಎಂಡೋಕಾರ್ಡೈಟಿಸ್ ಎಂದು ಹೆಸರು, ಪ್ರಾಣಕ್ಕೇ ಕುತ್ತು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರು, ಗರ್ಭಿಣಿಯರು ಕೂಡ ಬೇಡ.

ಉಳಿದವರು ಮೊದಲು ಡೆಂಟಿಸ್ಟ್ ಹತ್ತಿರ ಹೋಗಿ. "ಕೆಳಗಿನ ಮುಂದಿನ ಹಲ್ಲುಗಳ ವಸಡು ತೆಳುವಾಗಿದೆಯಾ, ಈಗಾಗಲೇ ಇಳಿದಿದೆಯಾ?" ಅಂತ ಕೇಳಿ. ಆ ಜಾಗದಲ್ಲಿ ಮೂಳೆಯೂ ವಸಡೂ ಎಷ್ಟೋ ಜನಕ್ಕೆ ಮೊದಲೇ ತೆಳು. ನಾಲಿಗೆಯ ಬಾರ್ಬೆಲ್ ಒಳಗಿನಿಂದ ತಾಗುವುದೂ ಅಲ್ಲಿಗೇ, ತುಟಿಯ ಬಿಲ್ಲೆ ಹೊರಗಿನಿಂದ ತಾಗುವುದೂ ಅಲ್ಲಿಗೇ. ತೆಳು ಎಂದರೆ ಆಸೆ ಬಿಡಿ. ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದರೆ ಅದು ಮುಗಿಯುವವರೆಗೆ ಕಾಯಿರಿ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಅದನ್ನೂ ಮೊದಲೇ ಹಾಕಿಸಿಕೊಳ್ಳಿ.

2. ಚುಚ್ಚುವವರ ಹತ್ತಿರ ಏನು ನೋಡಬೇಕು

ಕಿವಿಗೆ ಹೊಡೆಯುವ ಗನ್ ಹಿಡಿದು ಬಂದರೆ ಎದ್ದು ಬನ್ನಿ. ನಾಲಿಗೆಗೂ ತುಟಿಗೂ ಅದು ಅಲ್ಲವೇ ಅಲ್ಲ. ಸೀಲ್ ಮಾಡಿದ ಹೊಸ ಸೂಜಿಯನ್ನು ನಿಮ್ಮ ಕಣ್ಣೆದುರೇ ಬಿಚ್ಚಬೇಕು, ಹೊಸ ಕೈಗವಸು ಹಾಕಬೇಕು, ಆಭರಣವೂ ಉಪಕರಣವೂ ಆಟೋಕ್ಲೇವ್‌ನಲ್ಲಿ, ಅಂದರೆ ಒತ್ತಡದ ಹಬೆಯಲ್ಲಿ ಶುದ್ಧ ಮಾಡಿದ್ದಾಗಿರಬೇಕು. ಬರೀ ಸ್ಪಿರಿಟ್‌ನಲ್ಲಿ ಅದ್ದಿದರೆ ಸಾಲದು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಇವೆಲ್ಲ ಹಳೆ ಸೂಜಿಯಿಂದ ಬರುವಂಥವು. ಆಭರಣ ಇಂಪ್ಲಾಂಟ್ ದರ್ಜೆಯ ಟೈಟಾನಿಯಂ ಇರಲಿ (ಕೇಳುವಾಗ ಎಎಸ್‌ಟಿಎಂ ಎಫ್136 ಅಂತ ಕೇಳಿ). ಆನ್‌ಲೈನಿನಲ್ಲಿ ಸಿಗುವ ಅಗ್ಗದ ಸೆಟ್‌ಗಳಲ್ಲಿ ನಿಕ್ಕಲ್ ಜಾಸ್ತಿ ಇರಬಹುದು, ಅದು ಅಲರ್ಜಿ ತರುತ್ತದೆ.

ನಾಲಿಗೆಯ ಅಡಿಯಲ್ಲಿ ದೊಡ್ಡ ರಕ್ತನಾಳಗಳಿವೆ. ಚುಚ್ಚುವವರು ನಾಲಿಗೆ ಎತ್ತಿಸಿ, ಬೆಳಕು ಬಿಟ್ಟು, ನಾಳ ಎಲ್ಲಿದೆ ನೋಡಿ ನಡುಮಧ್ಯೆ ಗುರುತು ಹಾಕಬೇಕು. ನಾಲಿಗೆಯ ತುದಿಗೆ ಅಡ್ಡಡ್ಡ ಕಡ್ಡಿ ಹಾಕಿ ಎರಡು ಗುಂಡು ಕಾಣುವ ಹಾಗೆ ಮಾಡುವ "ಸ್ನೇಕ್ ಐಸ್" ಬೇಡವೇ ಬೇಡ. ಅದು ನಾಲಿಗೆಯ ಸ್ನಾಯುಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ, ಗುಂಡುಗಳು ಸೀದಾ ಮುಂದಿನ ಹಲ್ಲಿನ ಮೇಲೇ ಕೂರುತ್ತವೆ.

ಕೊನೆಗೆ ಒಂದು ಮಾತು ಕೇಳಿ: "ಕಡ್ಡಿ ಚಿಕ್ಕದು ಮಾಡಿಸೋಕೆ ಯಾವಾಗ ಬರಬೇಕು?" ಅದೆಲ್ಲ ಏನೂ ಬೇಕಾಗಲ್ಲ ಅಂದರೆ ಅವರಿಗೆ ಕೆಲಸ ಗೊತ್ತಿಲ್ಲ. ಯಾಕೆ ಅನ್ನುವುದು 4ನೇ ಹಂತದಲ್ಲಿದೆ.

3. ಮೊದಲ ಎರಡು ವಾರ: ಯಾವ ಬಾವು ಸಹಜ, ಯಾವುದು ಅಪಾಯ

ನಾಲಿಗೆ ಊದಿಕೊಳ್ಳುತ್ತದೆ. ಮೂರರಿಂದ ಐದನೇ ದಿನದವರೆಗೆ ಏರಿ ಆಮೇಲೆ ಇಳಿಯುತ್ತಾ ಬರಬೇಕು. ಸ್ವಲ್ಪ ರಕ್ತ, ತೊದಲು ಮಾತು, ತೂತಿನಿಂದ ಬಿಳಿಚಾದ ತೆಳು ನೀರು, ಇದೆಲ್ಲ ಸಹಜ. ಐಸ್ ಚೂರು ಬಾಯಲ್ಲಿಟ್ಟುಕೊಳ್ಳಿ, ಮಲಗುವಾಗ ತಲೆ ಎತ್ತರದಲ್ಲಿರಲಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಬೇಡ, ರಕ್ತಸ್ರಾವ ಜಾಸ್ತಿ ಮಾಡುತ್ತದೆ.

ಊಟಕ್ಕೆ ತಣ್ಣಗಿನ ಮೊಸರನ್ನ, ಆರಿದ ಗಂಜಿ, ಮಜ್ಜಿಗೆಯಲ್ಲಿ ನೆನೆಸಿದ ಇಡ್ಲಿ. ಚಕ್ಕುಲಿ, ಕೋಡುಬಳೆ, ಖಾರದ ಸಾರು, ಬಿಸಿ ಕಾಫಿ ಸದ್ಯಕ್ಕೆ ಬೇಡ. ಸಿಗರೇಟು, ಎಲೆಅಡಿಕೆ, ಗುಟ್ಕಾ, ಮದ್ಯ ಯಾವುದೂ ಗಾಯ ಮಾಗಲು ಬಿಡುವುದಿಲ್ಲ. ಗಾಯ ಪೂರ್ತಿ ಮಾಗುವವರೆಗೆ ಬೇರೆಯವರ ಎಂಜಲು ತಾಗಬಾರದು, ಮುತ್ತೂ ಅದರಲ್ಲಿ ಸೇರಿತು. ನಾಲಿಗೆಗೆ ಸುಮಾರು ನಾಲ್ಕರಿಂದ ಎಂಟು ವಾರ ಬೇಕು, ತುಟಿಗೆ ಇನ್ನೂ ಸ್ವಲ್ಪ ಜಾಸ್ತಿ.

ತಿಂದಾಗಲೆಲ್ಲ ಬಾಯಿ ಮುಕ್ಕಳಿಸಿ. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಟೀ ಚಮಚ ಉಪ್ಪು, ಅಷ್ಟೇ. ಬೇಗ ವಾಸಿಯಾಗಲಿ ಅಂತ ಉಪ್ಪು ಜಾಸ್ತಿ ಹಾಕಿದರೆ, ಗಂಟೆಗೊಮ್ಮೆ ಮೌತ್‌ವಾಶ್ ಹಾಕಿದರೆ ಗಾಯ ಇನ್ನೂ ಕೆರಳುತ್ತದೆ. ಮೌತ್‌ವಾಶ್ ಬಳಸುವುದಾದರೆ ಆಲ್ಕೋಹಾಲ್ ಇಲ್ಲದ್ದು. ತೂತಿಗೆ ಅರಿಶಿನ ಮೆತ್ತಬೇಡಿ, ಎಣ್ಣೆ ಹಚ್ಚಬೇಡಿ. ಕಡ್ಡಿಯನ್ನು ಸುಮ್ನೆ ತಿರುಗಿಸುತ್ತಾ ಕೂರಬೇಡಿ.

ಈಗ ಅಪಾಯದ ಗುರುತುಗಳು. ಐದಾರು ದಿನ ಕಳೆದರೂ ಬಾವು ಇಳಿಯದೆ ಏರುತ್ತಿದ್ದರೆ, ಹಳದಿ ಅಥವಾ ಹಸಿರು ಕೀವು ವಾಸನೆ ಬರುತ್ತಿದ್ದರೆ, ಜ್ವರ ಚಳಿ ಬಂದರೆ, ಕಡ್ಡಿಯ ಗುಂಡು ಮಾಂಸದೊಳಗೆ ಹುದುಗುತ್ತಿದ್ದರೆ ಅವತ್ತೇ ವೈದ್ಯರನ್ನು ನೋಡಿ. ಹೆದರಿ ನೀವೇ ಕಡ್ಡಿ ಕಿತ್ತು ಹಾಕಬೇಡಿ. ಮೇಲಿನ ತೂತು ಬೇಗ ಮುಚ್ಚಿಕೊಂಡು ಕೀವು ಒಳಗೇ ಉಳಿದುಬಿಡಬಹುದು. ತೆಗೆಯಬೇಕೋ ಬೇಡವೋ ವೈದ್ಯರು ಹೇಳಲಿ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ನಾಲಿಗೆಯ ಕೆಳಗಿನ ಬಾಯಿತಳ ಉಬ್ಬಿ ನಾಲಿಗೆಯನ್ನೇ ಮೇಲಕ್ಕೆ ತಳ್ಳುವುದು, ಗದ್ದದ ಕೆಳಗೆ ಎರಡೂ ಕಡೆ ಗಟ್ಟಿ ಬಾವು, ಎಂಜಲು ನುಂಗಲಾಗದೆ ಸುರಿಯುವುದು, ದನಿ ಬದಲಾಗುವುದು, ಉಸಿರಾಡಲು ಕಷ್ಟ. ಇದು ಲುಡ್ವಿಗ್ಸ್ ಆಂಜೈನಾ, ಬಾಯಿತಳದಲ್ಲಿ ಬೇಗ ಹಬ್ಬುವ ಸೋಂಕು. ಅಪರೂಪ, ಆದರೆ ಶ್ವಾಸನಾಳವನ್ನೇ ಮುಚ್ಚುತ್ತದೆ. ಬೆಳಗಾಗಲಿ ಅಂತ ಕಾಯಬೇಡಿ, ಕ್ಲಿನಿಕ್ ಹುಡುಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಿ.

(ಊರ ಜಾತ್ರೆಯಲ್ಲಿ ಬಾಯಿಬೀಗ ಹಾಕಿಸಿಕೊಂಡವರಿಗೆ ಏನೂ ಆಗಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಆ ಸರಳು ಕೆನ್ನೆಯ ಮೂಲಕ ಹೋಗುತ್ತದೆ, ಹರಕೆ ತೀರಿದ ಮೇಲೆ ತೆಗೆಯುತ್ತಾರೆ. ವರ್ಷಗಟ್ಟಲೆ ವಸಡಿಗೆ ಉಜ್ಜುವ ಪ್ರಶ್ನೆ ಅಲ್ಲಿಲ್ಲ. ಸೋಂಕಿನ ಅಪಾಯ ಮಾತ್ರ ಅಲ್ಲೂ ಇದ್ದೇ ಇದೆ.)

4. ಕಡ್ಡಿ ಚಿಕ್ಕದು ಮಾಡಿಸಿ: ಎಲ್ಲರೂ ಬಿಟ್ಟುಬಿಡುವ ಹಂತ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳಲು ಆಗುವುದಾದರೆ ಅದು ಇದೇ ಆಗಿರಲಿ. ಮೊದಲು ಹಾಕುವ ಕಡ್ಡಿ ಬೇಕೆಂದೇ ಉದ್ದ ಇರುತ್ತದೆ, ನಾಲಿಗೆ ಊದಿಕೊಳ್ಳಲು ಜಾಗ ಬೇಕಲ್ಲ. ಬಾವು ಇಳಿದ ಮೇಲೆ ಆ ಉದ್ದ ಬೇಡ. ಆದರೆ ನೋವು ಹೋಯ್ತು, ಚೆನ್ನಾಗಿ ಕಾಣ್ತಿದೆ ಅಂತ ಜನ ಅದನ್ನೇ ಇಟ್ಟುಕೊಂಡು ಓಡಾಡುತ್ತಾರೆ.

ಒಂದು ಲೆಕ್ಕ ನೋಡೋಣ. ಒಬ್ಬ ಹುಡುಗಿಯ ನಾಲಿಗೆ ಚುಚ್ಚುವ ಜಾಗದಲ್ಲಿ 12 ಮಿ.ಮೀ. ದಪ್ಪ ಇದೆ ಅಂದುಕೊಳ್ಳಿ. 20 ಮಿ.ಮೀ. ಕಡ್ಡಿ ಹಾಕಿದರು. ಬಾವು ಬಂದಾಗ ನಾಲಿಗೆ 17 ಮಿ.ಮೀ. ಆಯಿತು, ಇನ್ನೂ 3 ಮಿ.ಮೀ. ಉಳಿದಿದೆ, ಸರಿ. ಮೂರು ವಾರಕ್ಕೆ ನಾಲಿಗೆ ಮತ್ತೆ 12ಕ್ಕೆ ಬಂತು. ಈಗ ಕಡ್ಡಿ 8 ಮಿ.ಮೀ. ಸಡಿಲ. ಮಾತಾಡುವಾಗ, ನಾಲಿಗೆ ಮುಂದೆ ಚಾಚುವಾಗ ಕೆಳಗಿನ ಗುಂಡು ಮುಂದಕ್ಕೆ ವಾಲಿ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯ ವಸಡಿಗೆ ತಾಗುತ್ತದೆ. ದಿನಕ್ಕೆ ಸಾವಿರಾರು ಸಲ. ಅವಳಿಗೆ ಅದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಆ ಜಾಗ ಕನ್ನಡಿಯಲ್ಲೂ ಸುಲಭಕ್ಕೆ ಕಾಣುವುದಿಲ್ಲ.

ಅದೇ 14 ಮಿ.ಮೀ. ಕಡ್ಡಿಗೆ ಬದಲಿಸಿದರೆ ಸಡಿಲ ಬರೀ 2 ಮಿ.ಮೀ. ಗುಂಡು ನಾಲಿಗೆಗೆ ಅಂಟಿಕೊಂಡೇ ಇರುತ್ತದೆ, ವಸಡಿನವರೆಗೆ ಹೋಗುವುದು ಕಡಿಮೆ. 2002ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಸುಮಾರು 16 ಮಿ.ಮೀ.ಗಿಂತ ಉದ್ದದ ಕಡ್ಡಿಯನ್ನು ಎರಡು ವರ್ಷ ಅಥವಾ ಹೆಚ್ಚು ಕಾಲ ಹಾಕಿಕೊಂಡವರಲ್ಲಿ ಅರ್ಧದಷ್ಟು ಜನರಿಗೆ ಹಲ್ಲಿನ ಹಿಂಬದಿಯ ವಸಡು ಇಳಿದಿತ್ತು.

ಮಾಡಬೇಕಾದ್ದು ಇಷ್ಟು. ಚುಚ್ಚಿಸಿ ಎರಡರಿಂದ ನಾಲ್ಕು ವಾರಕ್ಕೆ, ಬಾವು ಪೂರ್ತಿ ಇಳಿದ ಮೇಲೆ, ಅದೇ ಸ್ಟುಡಿಯೋಗೆ ಹೋಗಿ. ನೀವೇ ಮನೆಯಲ್ಲಿ ಬದಲಿಸಬೇಡಿ, ಹೊಸ ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಬಹುದು. ದಪ್ಪ ಅಳೆಸಿ, ಒಂದೆರಡು ಮಿ.ಮೀ. ಮಾತ್ರ ಸಡಿಲ ಇರುವ ಕಡ್ಡಿ ಹಾಕಿಸಿ. ಕೆಳಗಿನ ಗುಂಡು ಚಿಕ್ಕದು ಅಥವಾ ಚಪ್ಪಟೆ ಇರಲಿ.

ಒಂದು ಎಚ್ಚರಿಕೆ. ಚಿಕ್ಕ ಕಡ್ಡಿ ವಸಡಿಗೆ ಒಳ್ಳೆಯದು, ಆದರೆ ಅದು ಹಲ್ಲು ಮುರಿಯುವುದನ್ನು ತಡೆಯುವುದಿಲ್ಲ. ಹಲ್ಲು ಮುರಿಯುವುದಕ್ಕೆ ಕಾರಣ ಬೇರೆ, 6ನೇ ಹಂತ ನೋಡಿ.

5. ತುಟಿಯಾದರೆ ಬಿಲ್ಲೆ ಎಲ್ಲಿ ಕೂರುತ್ತದೆ ನೋಡಿ

ತುಟಿಯಲ್ಲಿ ಹೊರಗಿನ ಕಲ್ಲನ್ನು ಎಲ್ಲರೂ ನೋಡುತ್ತಾರೆ. ಕೆಲಸ ಕೆಡಿಸುವುದು ಒಳಗಿನ ಬಿಲ್ಲೆ. ಕೆಳತುಟಿ ಒಂದು ಕ್ಷಣವೂ ಸುಮ್ಮನಿರುವುದಿಲ್ಲ, ಮಾತಾಡುವಾಗ ನಗುವಾಗ ಬಿಲ್ಲೆ ಮೇಲೆ ಕೆಳಗೆ ಉಜ್ಜುತ್ತದೆ. ಬಿಲ್ಲೆಯ ಅಂಚು ಹಲ್ಲು ಮತ್ತು ವಸಡು ಸೇರುವ ಗೆರೆಯ ಮೇಲೇ ಬಂದರೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಸ್ವಲ್ಪ ಮೇಲೆ ಬಂದರೆ ವಸಡಿನ ಬದಲು ಎನಾಮಲ್ ಸವೆಯುತ್ತದೆ. ಪೂರ್ತಿ ಸುರಕ್ಷಿತ ಜಾಗ ಅನ್ನುವುದು ತುಟಿಯಲ್ಲಿ ಇಲ್ಲ. ಕಡಿಮೆ ಕೆಟ್ಟದ್ದನ್ನು ಆರಿಸಿಕೊಳ್ಳಬೇಕು ಅಷ್ಟೇ.

ಇಲ್ಲೂ ಬಾವು ಇಳಿದ ಮೇಲೆ ಕಡ್ಡಿ ಚಿಕ್ಕದು ಮಾಡಿಸಬೇಕು. ಬಿಲ್ಲೆ ತುಟಿಯ ಒಳಚರ್ಮದಲ್ಲಿ ಸಣ್ಣ ಗುಳಿ ಮಾಡಿಕೊಂಡು ಕೂತರೆ ಗಾಬರಿ ಬೇಡ, ಅದು ಸಹಜ. ಆದರೆ ಬಿಲ್ಲೆಯ ಮೇಲೆ ಮಾಂಸ ಮುಚ್ಚಿಕೊಂಡು ಬರುತ್ತಿದ್ದರೆ ಅಂದೇ ಹೋಗಿ. ತಡವಾದರೆ ಕೊಯ್ದು ತೆಗೆಯಬೇಕಾಗುತ್ತದೆ.

6. ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಲ್ಲಿ

ಒಳ್ಳೆ ಬೆಳಕಿನಲ್ಲಿ ಕೆಳತುಟಿ ಕೆಳಗೆ ಎಳೆದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮೊದಲ ಫೋಟೋವನ್ನು ಚುಚ್ಚಿಸುವ ಮೊದಲೇ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ನೋಡಬೇಕಾದ್ದು ಒಂದೇ: ಬಿಲ್ಲೆಯ ಎದುರಿಗಿರುವ ಹಲ್ಲು ಪಕ್ಕದ ಹಲ್ಲಿಗಿಂತ ಉದ್ದ ಕಾಣುತ್ತಿದೆಯಾ? ಅಲ್ಲಿ ವಸಡಿನ ಅಂಚು ವಿ ಆಕಾರದಲ್ಲಿ ಸೀಳಿದ ಹಾಗೆ ಇಳಿದಿದೆಯಾ? ಬುಡದಲ್ಲಿ ಹಲ್ಲಿನ ಬಣ್ಣ ಹಳದಿಯಾಗಿ ಕಂಡರೆ ಅದು ಬೇರು. ತಣ್ಣೀರು ಕುಡಿದಾಗ ಅದೊಂದೇ ಹಲ್ಲು ಜುಂ ಅನ್ನುತ್ತದೆ.

ನಾಲಿಗೆಗೆ ಚುಚ್ಚಿಸಿದವರಿಗೆ ಇದು ಹಲ್ಲಿನ ಹಿಂಬದಿಯಲ್ಲಿ ಆಗುವುದರಿಂದ ನೀವು ನೋಡಿದ್ದು ಸಾಲದು. ಆರು ತಿಂಗಳಿಗೊಮ್ಮೆ ಡೆಂಟಿಸ್ಟ್ ಹತ್ತಿರ ಹೋಗಿ, ವಸಡಿನ ಅಳತೆ ತೆಗೆದು ಬರೆದಿಡಿ ಅನ್ನಿ. ಮಿ.ಮೀ. ಗುರುತುಗಳಿರುವ ತೆಳು ಕಡ್ಡಿಯಿಂದ ಅಳೆಯುತ್ತಾರೆ, ಒಂದೆರಡು ನಿಮಿಷದ ಕೆಲಸ. ಮೊದಲ ಸಲ ಬರೆದಿಟ್ಟರೆ ಮುಂದಿನ ಸಲ ಹೋಲಿಸಬಹುದು, ಬರೆದಿಡದಿದ್ದರೆ ಏನೂ ಗೊತ್ತಾಗಲ್ಲ.

ಇನ್ನು ಹಲ್ಲು ಮುರಿಯುವ ವಿಷಯ. ಗುಂಡನ್ನು ಕಚ್ಚುವುದು, ಹಲ್ಲಿನ ಮೇಲೆ ಟಕಟಕ ಬಡಿಯುವುದು, ಹಲ್ಲಿನ ಸಂದಿಗೆ ಒತ್ತುವುದು, ಇದು ಎಷ್ಟೋ ಜನಕ್ಕೆ ಅಭ್ಯಾಸವಾಗಿಬಿಡುತ್ತದೆ. ಓದುವಾಗ, ಗಾಡಿ ಓಡಿಸುವಾಗ ತಮಗೇ ಗೊತ್ತಿಲ್ಲದೆ ಮಾಡುತ್ತಿರುತ್ತಾರೆ. ಮನೆಯವರನ್ನು ಕೇಳಿ ನೋಡಿ, ಅವರು ಗಮನಿಸಿರುತ್ತಾರೆ. ಮೇಲೆ ಹೇಳಿದ 2002ರ ಅಧ್ಯಯನದಲ್ಲೇ, ನಾಲ್ಕು ವರ್ಷ ಅಥವಾ ಹೆಚ್ಚು ಕಾಲ ನಾಲಿಗೆ ಪಿಯರ್ಸಿಂಗ್ ಇದ್ದವರಲ್ಲಿ ಶೇ. 47ರಷ್ಟು ಜನರಿಗೆ ಹಿಂದಿನ ದವಡೆ ಹಲ್ಲುಗಳಲ್ಲಿ ಚಕ್ಕೆ ಎದ್ದಿತ್ತು. ಹಲ್ಲಿನ ಸಂದಿಗೆ ದಿನಾ ಒತ್ತಿದರೆ ಮೇಲಿನ ಮುಂದಿನ ಹಲ್ಲುಗಳ ನಡುವೆ ಸಂದಿ ಬಿಟ್ಟುಕೊಳ್ಳುವುದೂ ಉಂಟು.

ಸಣ್ಣ ಚಕ್ಕೆಯಾದರೆ ಡೆಂಟಿಸ್ಟ್ ನಯ ಮಾಡಿ ಅಥವಾ ಹಲ್ಲಿನ ಬಣ್ಣದ ಸಿಮೆಂಟ್ ತುಂಬಿ ಸರಿ ಮಾಡುತ್ತಾರೆ. ಆದರೆ ಕಚ್ಚಿ ಬಿಡುವಾಗ, ಅಂದರೆ ಹಲ್ಲು ಒತ್ತಿ ಸಡಿಲ ಬಿಡುವ ಕ್ಷಣದಲ್ಲಿ ಚಳಕ್ ಅಂತ ನೋವು ಬಂದರೆ ಅದು ಒಳಗೆ ಬಿರುಕು ಬಿಟ್ಟಿರುವ ಗುರುತು. ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಹಾಗಾಗಿ "ನಾಲಿಗೆಯಲ್ಲಿ ಬಾರ್ಬೆಲ್ ಇದೆ, ಕಚ್ಚುವ ಅಭ್ಯಾಸ ಇದೆ" ಅಂತ ಮುಚ್ಚಿಡದೆ ಹೇಳಿ. ಬಿರುಕು ಬೇಗ ಸಿಕ್ಕರೆ ಹಲ್ಲಿಗೆ ಕ್ಯಾಪ್ ಹಾಕಿ ಉಳಿಸಬಹುದು. ಬೇರಿನವರೆಗೆ ಸೀಳಿದರೆ ಹಲ್ಲು ಕೀಳುವುದೇ ಗತಿ.

ಅಕ್ರಿಲಿಕ್ ಗುಂಡು ಹಾಕಿದರೆ ಹಲ್ಲಿಗೆ ಪೆಟ್ಟು ಕಡಿಮೆ, ನಿಜ. ಆದರೆ ಕಚ್ಚುವವರ ಬಾಯಲ್ಲಿ ಅದು ಒಡೆಯುತ್ತದೆ, ಚೂರು ಹೊಟ್ಟೆಗೋ ಶ್ವಾಸಕೋಶಕ್ಕೋ ಹೋಗಬಹುದು. ಗುಂಡು ಯಾವುದೇ ಇರಲಿ, ದಿನಕ್ಕೊಮ್ಮೆ ಕೈ ಸೋಪಿನಲ್ಲಿ ತೊಳೆದು ತಿರುಪು ಬಿಗಿಯಾಗಿದೆಯಾ ಮುಟ್ಟಿ ನೋಡಿ. ಕಬಡ್ಡಿ, ಕ್ರಿಕೆಟ್ ಥರದ ಆಟಕ್ಕೆ ಇಳಿಯುವಾಗ ತೆಗೆದಿಡಿ. ತೂತು ಹಳೆಯದಾದರೆ ರಾತ್ರಿಯೂ ತೆಗೆದಿಡಬಹುದು, ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಇದು ಮುಖ್ಯ.

7. ಯಾವಾಗ ತೆಗೆಯಬೇಕು, ತೆಗೆದ ಮೇಲೆ ಏನು

ಪಕ್ಕದ ಹಲ್ಲಿಗಿಂತ ವಸಡು 1 ಮಿ.ಮೀ. ಇಳಿದಿದ್ದರೂ ಸಾಕು, ತೆಗೆಯಿರಿ. ಇನ್ನೊಂದು ವರ್ಷ ನೋಡೋಣ ಅನ್ನಬೇಡಿ. ಹೊಸ ಚಕ್ಕೆ ಕಂಡರೂ ಹಾಗೆಯೇ. 1 ಮಿ.ಮೀ.ನಲ್ಲಿ ತೆಗೆದರೆ ಸಾಮಾನ್ಯವಾಗಿ ಮೆತ್ತನೆ ಬ್ರಷ್, ಸರಿಯಾದ ಉಜ್ಜುವ ಕ್ರಮ, ಜುಂ ಅನ್ನುವುದಕ್ಕೆ ಪೇಸ್ಟ್, ಇಷ್ಟರಲ್ಲೇ ಮುಗಿಯುತ್ತದೆ. ಮೂರ್ನಾಲ್ಕು ಮಿ.ಮೀ. ಹೋದ ಮೇಲೆ ಬಂದರೆ ವಸಡಿನ ಕಸಿ ಬೇಕಾಗಬಹುದು. ಅಂಗುಳಿನಿಂದ ಒಂದು ತೆಳು ತುಂಡು ತೆಗೆದು ಬೇರಿನ ಮೇಲೆ ಹೊಲಿಯುತ್ತಾರೆ. ವಸಡಿನ ತಜ್ಞರು, ಅಂದರೆ ಪೀರಿಯೊಡಾಂಟಿಸ್ಟ್ ಮಾಡುವ ಕೆಲಸ. ಪೂರ್ತಿ ಮುಚ್ಚುತ್ತದೆ ಅನ್ನುವ ಖಾತ್ರಿ ಎಲ್ಲರಿಗೂ ಇಲ್ಲ. ಪಕ್ಕದ ಮೂಳೆಯೂ ಹೋಗಿದ್ದರೆ ಭಾಗಶಃ ಮಾತ್ರ ಮುಚ್ಚುತ್ತದೆ. ಆಭರಣ ಹಾಗೇ ಇಟ್ಟುಕೊಂಡು ಕಸಿ ಮಾಡಿಸಿದರೆ ಅದೂ ಸವೆದು ಹೋಗುತ್ತದೆ.

ತೆಗೆಯುವಾಗ ನಾಲಿಗೆಯನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿಕೊಳ್ಳಿ, ಇಲ್ಲದಿದ್ದರೆ ಗುಂಡು ಜಾರಿ ಗಂಟಲಿಗೆ ಹೋಗುತ್ತದೆ. ಕೆಳಗಿನ ಗುಂಡಿನ ಮೇಲೆ ಪಾಚಿ ಕಟ್ಟಿ ತಿರುಪು ಬಿಗಿದುಕೊಂಡಿದ್ದರೆ ಇಕ್ಕಳ ಹಾಕಲು ಹೋಗಬೇಡಿ, ಡೆಂಟಿಸ್ಟ್ ಬಿಚ್ಚಿಕೊಡುತ್ತಾರೆ. ಎಂಆರ್‌ಐ, ಅನಸ್ತೇಷಿಯಾ ಕೊಡುವ ಆಪರೇಷನ್, ಹಲ್ಲಿನ ಎಕ್ಸ್‌ರೇ ಇದ್ದರೂ ಮುಂಚೆಯೇ ತೆಗೆದಿಟ್ಟು ಹೋಗಿ. ತೆಗೆದ ಮೂರು ತಿಂಗಳಿಗೆ ಮತ್ತೊಮ್ಮೆ ವಸಡಿನ ಅಳತೆ ಮಾಡಿಸಿ, ಹಳೆಯ ಅಳತೆಯ ಪಕ್ಕದಲ್ಲೇ ಬರೆಸಿ. ಅಂಕಿ ಹಾಗೇ ಇದ್ದರೆ ಸವೆತ ನಿಂತಿದೆ. ಇನ್ನೂ ಇಳಿಯುತ್ತಿದ್ದರೆ ಕಾರಣ ಬೇರೆ ಏನೋ ಇದೆ, ಗಟ್ಟಿಯಾಗಿ ಉಜ್ಜುವುದೋ ಹಲ್ಲಿನ ಪಾಚಿಯೋ, ಅದನ್ನು ಅಲ್ಲೇ ಕೇಳಿ ಪತ್ತೆ ಮಾಡಿಸಿಕೊಳ್ಳಿ.